ನಾಯಕರು ಹುಟ್ಟುತ್ತಾರಾ, ತಯಾರಾಗುತ್ತಾರಾ? ಸೋಮವಾರ ಪ್ರಬಂಧ ಕೊಡಬೇಕು

ಮಂಜಿನ ಹುಡುಗಿ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ನಾನು ಬಿಬಿಎ ಎರಡನೇ ವರ್ಷ. ‘ನಾಯಕರು ಹುಟ್ಟುತ್ತಾರೆಯೇ ಅಥವಾ ತಯಾರಾಗುತ್ತಾರೆಯೇ’ ಎಂಬ ಪ್ರಬಂಧ ಬರೆಯಬೇಕು. ಗುಣಲಕ್ಷಣ ಸಿದ್ಧಾಂತ, ವರ್ತನಾ ಸಿದ್ಧಾಂತ ಎರಡನ್ನೂ ಬಳಸಬೇಕು. ಒಂದು ಸಲ ಬರೆದು ತೋರಿಸಿದೆ. ನಾನು ಬರೆದಿದ್ದು ಹೀಗಿತ್ತು:

‘ಗುಣಲಕ್ಷಣ ಸಿದ್ಧಾಂತದ ಪ್ರಕಾರ ಬುದ್ಧಿ, ಧೈರ್ಯ, ಆತ್ಮವಿಶ್ವಾಸ ಹುಟ್ಟಿನಿಂದ ಬರುತ್ತವೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇದಕ್ಕೆ ಉದಾಹರಣೆ. ವರ್ತನಾ ಸಿದ್ಧಾಂತದ ಪ್ರಕಾರ ನಾಯಕತ್ವವನ್ನು ಕಲಿಯಬಹುದು. ಆದ್ದರಿಂದ ಎರಡೂ ಸರಿ.’

ಸರ್ ಕೆಂಪು ಪೆನ್ನಿನಲ್ಲಿ ‘ಎರಡೂ ಸರಿ ಅನ್ನುವುದು ಉತ್ತರ ಅಲ್ಲ’ ಎಂದು ಬರೆದು ವಾಪಸ್ ಕೊಟ್ಟರು. ಮತ್ತೆ ಏನು ಉತ್ತರ? ಮೂರು ದಿನದಿಂದ ಕರೆಂಟ್ ಬೇರೆ ಸರಿಯಾಗಿ ಇಲ್ಲ. ದಯವಿಟ್ಟು ಯಾರಾದರೂ ಹೇಳಿ.

ನಿವೃತ್ತ ಸುಬೇದಾರ್

ಹುಟ್ಟುತ್ತಾರೆ. ಇದರಲ್ಲಿ ಪ್ರಬಂಧ ಬರೆಯುವಂಥದ್ದು ಏನಿದೆ ಮಗಳೇ? 26 ವರ್ಷ ಪಲ್ಟನ್‌ನಲ್ಲಿ ಇದ್ದೆ. ಗುಂಡು ಹಾರಿದ ಮೊದಲ ನಿಮಿಷದಲ್ಲೇ ಯಾರು ಏನು ಅಂತ ಗೊತ್ತಾಗುತ್ತದೆ. ಇಷ್ಟು ಸಣ್ಣ ಕೊಡಗಿನಿಂದ ಇಷ್ಟು ಜನ ಜನರಲ್‌ಗಳು ಸುಮ್ನೆ ಬಂದರಾ? ರಕ್ತದಲ್ಲಿ ಇದೆ.

ಗೋಣಿಕೊಪ್ಪ ಗೂಗ್ಲಿ

ಅಂಕಲ್, ಆ ರಕ್ತದ ಸಿದ್ಧಾಂತ 1948ರಲ್ಲೇ ಸತ್ತುಹೋಯಿತು. ಸ್ಟಾಗ್‌ಡಿಲ್ ಅಂತ ಒಬ್ಬರು 124 ಅಧ್ಯಯನ ನೋಡಿ ಗುಣಗಳಿಗೂ ನಾಯಕತ್ವಕ್ಕೂ ಸಂಬಂಧವೇ ಇಲ್ಲ ಅಂತ ಹೇಳಿಬಿಟ್ಟರು. ತಂಗೀ, ಇದನ್ನೇ ಬರೆ, ಮುಗಿಯಿತು. ನಾನು ಎಂಬಿಎಯಲ್ಲಿ ಇದನ್ನೇ ಬರೆದು ಪಾಸಾದೆ.

ಸೋಮವಾರಪೇಟೆ ಅಕ್ಕ

ಯಾವ ನಾಯಕರ ಬಗ್ಗೆ ಕೇಳ್ತಾ ಇದ್ದೀಯಮ್ಮ? ನಮ್ಮ ಕಡೆ ಚುನಾವಣೆ ಬಂದಾಗ ಹುಟ್ಟುತ್ತಾರೆ, ಫಲಿತಾಂಶ ಬಂದ ಮೇಲೆ ಕಾಣೆಯಾಗುತ್ತಾರೆ. ನಮ್ಮ ಬೀದಿಯ ಚರಂಡಿ ಮೂರು ವರ್ಷದಿಂದ ಹಾಗೇ ಇದೆ.

ಪಾಠದ ಮೇಡಂ

ಅಕ್ಕಾ, ಇದು ಆ ನಾಯಕರ ಪ್ರಶ್ನೆ ಅಲ್ಲ 😀

ನಾನು ಕುಶಾಲನಗರದವಳು. ಹಲವು ವರ್ಷ ಮ್ಯಾನೇಜ್‌ಮೆಂಟ್ ಪಾಠ ಮಾಡಿದ್ದೇನೆ. ಇಂಥ ಉತ್ತರಪತ್ರಿಕೆ ರಾಶಿಗಟ್ಟಲೆ ತಿದ್ದಿದ್ದೇನೆ, ಹಾಗಾಗಿ ನಿಮ್ಮ ಸರ್‌ಗೆ ಯಾಕೆ ಬೇಜಾರಾಯಿತು ಅಂತ ಗೊತ್ತು.

ಮೊದಲು ಗೂಗ್ಲಿಯವರ ಮಾತು. ಅರ್ಧ ಸರಿ. ಸ್ಟಾಗ್‌ಡಿಲ್ ‘ಸಂಬಂಧವೇ ಇಲ್ಲ’ ಅಂತ ಹೇಳಲಿಲ್ಲ. ಬುದ್ಧಿ, ಜವಾಬ್ದಾರಿ, ಹಟ ಬಿಡದೆ ಕೆಲಸ ಮಾಡುವುದು, ಆತ್ಮವಿಶ್ವಾಸ, ಇಂಥ ಕೆಲವು ಗುಣಗಳು ನಾಯಕರಲ್ಲಿ ಸ್ವಲ್ಪ ಜಾಸ್ತಿ ಎಂದು ಅವರಿಗೂ ಕಂಡಿತ್ತು. ಆದರೆ ಇಂಥಿಂಥ ಗುಣ ಇದ್ದರೆ ಎಲ್ಲಿ ಹಾಕಿದರೂ ನಾಯಕನಾಗುತ್ತಾನೆ ಎನ್ನಲು ಬರುವುದಿಲ್ಲ, ಯಾವ ಸಂದರ್ಭ, ಯಾವ ಗುಂಪು ಎನ್ನುವುದರ ಮೇಲೆ ಬದಲಾಗುತ್ತದೆ ಎಂದರು. ಆ ಸಿದ್ಧಾಂತ ಸತ್ತೂ ಇಲ್ಲ. 2002ರಲ್ಲಿ ಜಡ್ಜ್ ಮತ್ತು ಜೊತೆಯವರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ ಅದಕ್ಕೆ ಮತ್ತೆ ಜೀವ ಬಂತು.

ಈಗ ಹುಡುಗಿಗೆ ಒಂದು ಪ್ರಶ್ನೆ. ‘ನಾಯಕರಾಗುವುದು’ ಅಂದರೆ ಏನು? ಹತ್ತು ಜನ ಸೇರಿದಾಗ ಎಲ್ಲರ ಕಣ್ಣು ಒಬ್ಬರ ಕಡೆ ತಿರುಗುವುದಾ? ಅಥವಾ ಆ ಒಬ್ಬರು ಕೆಲಸವನ್ನು ಚೆನ್ನಾಗಿ ನಡೆಸುವುದಾ? ಎರಡೂ ಒಂದೇ ಅಲ್ಲ. ಇಲ್ಲಿಂದ ಶುರು ಮಾಡು.

ಹಾಕಿ ಹುಚ್ಚ

ನಮ್ಮ ಒಕ್ಕದ ಟೀಮ್ ಕ್ಯಾಪ್ಟನ್ ನೆನಪಾದ. ಎಲ್ಲರ ಕಣ್ಣೂ ಅವನ ಕಡೆಯೇ. ಆರಡಿ ಎತ್ತರ, ಗಂಟಲು ಮೈಕಿನ ಹಾಗೆ. ಈ ವರ್ಷ ಕುಟುಂಬ ಹಾಕಿಯಲ್ಲಿ ಮೊದಲ ಪಂದ್ಯದಲ್ಲೇ ಮನೆಗೆ ಬಂದೆವು.

ಪಾಠದ ಮೇಡಂ

ಅದೇ ಉದಾಹರಣೆ ಸಾಕು! ಜಡ್ಜ್ ಅವರ ಲೆಕ್ಕದಲ್ಲೂ ಹೀಗೇ ಬಂತು. ಎಲ್ಲರ ಜೊತೆ ಬೆರೆಯುವ, ಮಾತು ಜಾಸ್ತಿ ಇರುವ ಸ್ವಭಾವಕ್ಕೂ ನಾಯಕತ್ವಕ್ಕೂ ಇರುವ ಸಂಬಂಧ ಎಲ್ಲಕ್ಕಿಂತ ಮೇಲೆ ನಿಂತಿತು, ಸುಮಾರು 0.31. ಸಂಬಂಧವೇ ಇಲ್ಲದಿದ್ದರೆ ಸೊನ್ನೆ, ಪೂರ್ತಿ ಇದ್ದರೆ ಒಂದು ಬರುವ ಲೆಕ್ಕ ಇದು. ಆದರೆ ಆ ಸಂಬಂಧ ‘ಯಾರು ನಾಯಕರಾಗಿ ಕಾಣುತ್ತಾರೆ’ ಎನ್ನುವುದರ ಜೊತೆ ಹೆಚ್ಚು ಗಟ್ಟಿ, ‘ಯಾರು ಚೆನ್ನಾಗಿ ನಡೆಸುತ್ತಾರೆ’ ಎನ್ನುವುದರ ಜೊತೆ ಸ್ವಲ್ಪ ಸಡಿಲ. ಅದಲ್ಲದೆ 0.31 ಎಂದರೆ ಬಹಳ ಏನಲ್ಲ. ಅದನ್ನು ಅದರಿಂದಲೇ ಗುಣಿಸಿದರೆ 0.1ರ ಹತ್ತಿರ ಬರುತ್ತದೆ. ಅಂದರೆ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲು ಬೇರೆ ಕಡೆ ಹುಡುಕಬೇಕು.

ನಿವೃತ್ತ ಸುಬೇದಾರ್

ಮೇಡಂ, ಲೆಕ್ಕ ನನಗೆ ಬರುವುದಿಲ್ಲ. ಆದರೆ ಸೈನ್ಯದ ಆಫೀಸರ್ ಆಯ್ಕೆ ನೋಡಿ. ಐದು ದಿನ ಕೂರಿಸಿಕೊಂಡು 15 ಗುಣ ನೋಡುತ್ತಾರೆ. ಎಂಟು ಹತ್ತು ಹುಡುಗರಿಗೆ ಒಂದು ಹಲಗೆ, ಒಂದು ದಿಮ್ಮಿ, ಒಂದು ಹಗ್ಗ ಕೊಟ್ಟು ಅಡ್ಡಿ ದಾಟಿ ಅನ್ನುತ್ತಾರೆ. ನಾಯಕ ಯಾರು ಅಂತ ಹೇಳುವುದೇ ಇಲ್ಲ. ಯಾರು ಎದ್ದು ಬರುತ್ತಾನೆ ಅಂತ ಪಕ್ಕದಲ್ಲಿ ನಿಂತು ನೋಡುತ್ತಾರೆ. ಹುಟ್ಟಿನಿಂದ ಬರದ ವಸ್ತುವನ್ನು ಐದು ದಿನದಲ್ಲಿ ಹೇಗೆ ಹುಡುಕುತ್ತಾರೆ?

ರೈಟರ್, ಸಿದ್ದಾಪುರ

ಸುಬೇದಾರ್ ಸಾಹೇಬ್ರೆ, ಹುಡುಕಿದ ಮೇಲೆ ಅಕಾಡೆಮಿಗೆ ಯಾಕೆ ಕಳಿಸುತ್ತಾರೆ ಹಾಗಾದರೆ? ಡಿಗ್ರಿ ಮುಗಿಸಿದ ಹುಡುಗರಿಗೂ ಡೆಹ್ರಾಡೂನ್‌ನಲ್ಲಿ ಒಂದೂವರೆ ವರ್ಷ ತರಬೇತಿ ಇದೆ ಅಲ್ವಾ? ಹುಟ್ಟಿಕೊಂಡೇ ಬಂದಿದ್ದರೆ ನೇರವಾಗಿ ಗಡಿಗೇ ಕಳಿಸಬಹುದಿತ್ತು.

ನಿವೃತ್ತ ಸುಬೇದಾರ್

ಚಿನ್ನವನ್ನೂ ಉಜ್ಜಬೇಕು. ಹಿತ್ತಾಳೆಯನ್ನು ಎಷ್ಟು ಉಜ್ಜಿದರೂ ಹಿತ್ತಾಳೆಯೇ.

ಗೋಣಿಕೊಪ್ಪ ಗೂಗ್ಲಿ

ನನ್ನ ಕಸಿನ್ ಮೊದಲ ಸಲ ಹೋದಾಗ ಹಿತ್ತಾಳೆ, ಮೂರನೇ ಸಲ ಹೋದಾಗ ಚಿನ್ನ. ಈಗ ಮೇಜರ್. 😄

ಪಾಠದ ಮೇಡಂ

ಹುಡುಗಿ ಕಾರ್ಯಪ್ಪನವರ ಹೆಸರು ಹಾಕಿದ್ದಾಳೆ. ಅದನ್ನು ಒಂದು ನಿಮಿಷ ನೋಡೋಣ. ಅವರಿಗೆ ಕಮಿಷನ್ ಸಿಕ್ಕಿದ್ದು 1919ರಲ್ಲಿ, ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದ ಭಾರತೀಯರ ಮೊದಲ ತಂಡದಲ್ಲಿ. ಅದಕ್ಕೂ ಮುಂಚೆ ಪಲ್ಟನ್‌ನಲ್ಲಿ ಭಾರತೀಯರಿಗೆ ಆ ದರ್ಜೆಯ ಬಾಗಿಲು ಮುಚ್ಚಿದ ಹಾಗೇ ಇತ್ತು. ಅದೇ ಮನುಷ್ಯ, ಅದೇ ರಕ್ತ, ಐವತ್ತು ವರ್ಷ ಮೊದಲು ಹುಟ್ಟಿದ್ದರೆ? ಹೆಚ್ಚೆಂದರೆ ಸುಬೇದಾರ್ ಮೇಜರ್ ಆಗಿ ನಿವೃತ್ತರಾಗುತ್ತಿದ್ದರು. 1949ರ ಜನವರಿ 15ಕ್ಕೆ ಸೇನೆಯ ಮುಖ್ಯಸ್ಥರಾದರು ಎಂದರೆ ಅದರಲ್ಲಿ ಅವರ ಗುಣವೂ ಇದೆ, ತೆರೆದ ಬಾಗಿಲೂ ಇದೆ. ಉದಾಹರಣೆ ಬರೆಯುವಾಗ ಬಾಗಿಲಿನ ಭಾಗವನ್ನು ಬಿಟ್ಟರೆ ಅದು ಸಾಕ್ಷಿ ಆಗುವುದಿಲ್ಲ, ಬರೀ ಅಭಿಮಾನ ಆಗುತ್ತದೆ.

ನಿವೃತ್ತ ಸುಬೇದಾರ್

ಸುಬೇದಾರ್ ಮೇಜರ್ ಆಗುವುದು ಸಣ್ಣ ಮಾತು ಅಂತ ತಿಳಿಯಬೇಡಿ! ಮತ್ತೆ, ಆ ಬಾಗಿಲಿನಿಂದ ಒಳಗೆ ಬಂದವರು ಅವರೊಬ್ಬರೇ ಅಲ್ಲವಲ್ಲ. ಬೇರೆಯವರೂ ಇದ್ದರು. ಅವರಲ್ಲಿ ಇವರೇ ಯಾಕೆ ಮೊದಲ ಮುಖ್ಯಸ್ಥರಾದರು?

ಪಾಠದ ಮೇಡಂ

ಒಳ್ಳೆಯ ಪ್ರಶ್ನೆ ಸರ್. ಒಪ್ಪುತ್ತೇನೆ. ಬಾಗಿಲು ಎಲ್ಲರಿಗೂ ಒಂದೇ ಇದ್ದಾಗ ಉಳಿದ ವ್ಯತ್ಯಾಸಕ್ಕೆ ಗುಣದ ಕಡೆ ನೋಡಲೇಬೇಕು. ಹುಡುಗೀ, ಇವರ ಈ ಮಾತನ್ನು ಪ್ರಬಂಧದಲ್ಲಿ ಹಾಕಿಕೋ.

ಗೋಣಿಕೊಪ್ಪ ಗೂಗ್ಲಿ

ನಾನು ಈಗ ಪಾರ್ಟಿ ಬದಲಿಸುತ್ತೇನೆ. ಹುಡುಕಿ ನೋಡಿದೆ, ಅಮೆರಿಕದ ಮಿನ್ನೆಸೋಟದಲ್ಲಿ ಅವಳಿ ಗಂಡಸರ ಮೇಲೆ ಮಾಡಿದ ಅಧ್ಯಯನ ಇದೆ, 2006ರದ್ದು. ನಾಯಕತ್ವದಲ್ಲಿ 30 ಪ್ರತಿಶತ ಅನುವಂಶೀಯ ಅಂತೆ. ಲೆಕ್ಕ ಸಿಕ್ಕಿತು! ಪ್ರತಿ ನಾಯಕನೂ 30 ಭಾಗ ಹುಟ್ಟು, 70 ಭಾಗ ತಯಾರಿ. ತಂಗೀ, ಇದನ್ನು ಬರೆದು ಕೊಟ್ಟರೆ ಸರ್ ಬಾಯಿ ಮುಚ್ಚುತ್ತಾರೆ.

ಮಂಜಿನ ಹುಡುಗಿ, ಮಡಿಕೇರಿ

ಇದು ಚೆನ್ನಾಗಿದೆ ಅಣ್ಣ! ಬರೆದುಕೊಂಡೆ.

ಪಾಠದ ಮೇಡಂ

ಅಯ್ಯೋ, ಅಳಿಸು ಅಳಿಸು. ಬಹಳ ಮಕ್ಕಳು ಮಾರ್ಕು ಕಳೆದುಕೊಳ್ಳುವ ಜಾಗ ಇದು.

ಅಧ್ಯಯನ ನಿಜ, ಆರ್ವೀ ಮತ್ತು ಜೊತೆಯವರದ್ದು. ಅಂಕಿಯೂ ಸುಮಾರಾಗಿ ನಿಜ. ಅರ್ಥ ಮಾತ್ರ ಬೇರೆ. ತೋಟದ ಉದಾಹರಣೆಯಲ್ಲಿ ಹೇಳುತ್ತೇನೆ. ಒಂದೇ ತೋಟ, ಒಂದೇ ನೆರಳು, ಎಲ್ಲ ರೋಬಸ್ಟಾ ಗಿಡಕ್ಕೂ ಹೊತ್ತಿಗೆ ಸರಿಯಾಗಿ ಹೂ ಮಳೆ ಬಂತು ಎಂದುಕೊಳ್ಳಿ. ಆಗ ಗಿಡದಿಂದ ಗಿಡಕ್ಕೆ ಫಸಲಿನಲ್ಲಿ ವ್ಯತ್ಯಾಸ ಬಂದರೆ ಅದರ ಹೆಚ್ಚಿನ ಪಾಲು ಬೀಜದ್ದು. ಇನ್ನೊಂದು ವರ್ಷ ಹೂ ಮಳೆ ಬರಲೇ ಇಲ್ಲ. ಅರ್ಧ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದಿರಿ, ಇನ್ನರ್ಧ ಒಣಗಿತು. ಈಗ ವ್ಯತ್ಯಾಸದ ಹೆಚ್ಚಿನ ಪಾಲು ನೀರಿನದು. ಗಿಡಗಳು ಅವೇ, ಬೀಜವೂ ಅದೇ. ಆದರೆ ‘ಬೀಜದ ಪಾಲು’ ಎಂಬ ಅಂಕಿ ಬದಲಾಯಿತು. ಅಂದರೆ ಆ ಅಂಕಿ ಒಂದು ಗಿಡದ ಒಳಗೆ ಇರುವುದಲ್ಲ. ಒಂದು ತೋಟದಲ್ಲಿ, ಒಂದು ವರ್ಷ, ಗಿಡಗಳ ನಡುವಿನ ವ್ಯತ್ಯಾಸದ ಲೆಕ್ಕ. 30 ಕೂಡ ಹಾಗೇ. ಒಬ್ಬ ನಾಯಕನನ್ನು ಕೊಯ್ದು 30 ಭಾಗ ಹುಟ್ಟು ಎಂದು ತೂಗಲು ಆಗುವುದಿಲ್ಲ.

ಇನ್ನೊಂದು ಮಾತು. ಅವರು ಅಳೆದದ್ದು ಯಾರು ಯಾವ ಮೇಲ್ವಿಚಾರಣೆಯ ಹುದ್ದೆ ಹಿಡಿದಿದ್ದರು ಎನ್ನುವುದನ್ನು. ಆ ಹುದ್ದೆಯಲ್ಲಿ ಕೆಲಸ ಚೆನ್ನಾಗಿ ಮಾಡಿದರಾ ಎನ್ನುವುದನ್ನಲ್ಲ.

ತೋಟದ ಮನೆ

ಹೂ ಮಳೆ ಅಂದಿದ್ದಕ್ಕೆ ಹೊಟ್ಟೆ ಉರಿಯಿತು ಮೇಡಂ. ಈ ವರ್ಷ ನಮಗೆ ಬಂದದ್ದು ಹದಿನೈದು ದಿನ ತಡ.

ಹಾಕಿ ಹುಚ್ಚ

ಪೊನ್ನಂಪೇಟೆ ಕಡೆ ಸರಿಯಾಗಿ ಬಂತು. ಈಗ ಬರುತ್ತಿರುವ ಮಳೆ ಸ್ವಲ್ಪ ನಿಂತರೆ ಸಾಕು, ಕಾಯಿ ಉದುರುತ್ತಿದೆ.

ಸೋಮವಾರಪೇಟೆ ಅಕ್ಕ

ಹುದ್ದೆ ಬೇರೆ, ನಡೆಸುವುದು ಬೇರೆ ಅಂದಿರಲ್ಲ ಮೇಡಂ, ಅದು ಈಗ ಅರ್ಥವಾಯಿತು. ನಿಮ್ಮ ಕೊಡವರ ಮನೆಗಳಲ್ಲಿ ಒಕ್ಕದ ಹಿರಿಯರೇ ಪಟ್ಟೆದಾರ ಅಲ್ವಾ? ಅದು ಹುಟ್ಟಿನಿಂದಲೇ ಬಂದದ್ದು. ಆದರೆ ಐನ್‌ಮನೆಯ ಜಗಳ ಬಿಡಿಸುವುದು ಯಾವಾಗಲೂ ಅವರೇ ಅಂತ ಏನಿಲ್ಲ. ನನ್ನ ಗೆಳತಿಯ ಮನೆಯಲ್ಲಿ ಎರಡನೇ ಸೊಸೆ ಹೇಳಿದ್ದೇ ನಡೆಯುವುದು. ಪಟ್ಟೆದಾರ ಅಜ್ಜ ತಲೆಯಾಡಿಸುತ್ತಾರೆ ಅಷ್ಟೇ.

ರೈಟರ್, ಸಿದ್ದಾಪುರ

ನಾನು ಕಲಿತದ್ದು ಪಿಯುಸಿ. ನನ್ನ ಅಪ್ಪ ಮೇಸ್ತ್ರಿ ಆಗಿದ್ದರು, ನಾನು ರೈಟರ್. ಸಿದ್ಧಾಂತ ಗೊತ್ತಿಲ್ಲ, ಕಂಡದ್ದು ಹೇಳುತ್ತೇನೆ.

ನಮ್ಮ ತೋಟದಲ್ಲಿ ಇಬ್ಬರು ಮೇಸ್ತ್ರಿ ಇದ್ದರು. ಒಬ್ಬರು ಕೂಗುವವರು. ಹಣ್ಣು ಕೊಯ್ಲಿನ ಹೊತ್ತಿಗೆ ಅವರ ಗಂಟಲು ಮೂರು ಏಕರೆ ಆಚೆಗೆ ಕೇಳುತ್ತಿತ್ತು. ಇನ್ನೊಬ್ಬರು ಸಣ್ಣ ಆಳು, ಮಾತು ಕಡಿಮೆ. ಬೆಳಗ್ಗೆ ಏಳೂವರೆಗೆ ಯಾರಿಗೆ ಯಾವ ಸಾಲು ಅಂತ ಹಂಚಿ ಮುಗಿಸುತ್ತಿದ್ದರು. ಒಳ್ಳೆ ಸಾಲು ಇವತ್ತು ಒಬ್ಬರಿಗೆ ಸಿಕ್ಕಿದರೆ ನಾಳೆ ಇನ್ನೊಬ್ಬರಿಗೆ. ನಡುವೆ ಒಂದೆರಡು ಸಲ ಬಂದು ಚೀಲದಲ್ಲಿ ಹಸಿರು ಕಾಯಿ ಬಿದ್ದಿದೆಯಾ ಅಂತ ಕೈ ಹಾಕಿ ನೋಡುವರು. ಮಗುವಿಗೆ ಜ್ವರ ಅಂದರೆ ಒಂದು ಗಂಟೆ ಮೊದಲು ಕಳಿಸುವರು, ಆದರೆ ಮಾರನೆ ದಿನ ಬೇಗ ಬರಬೇಕು. ಕೂಗುವವರ ಗುಂಪಿನಿಂದ ಪ್ರತಿ ವಾರ ನನ್ನ ಹತ್ತಿರ ದೂರು ಬರುತ್ತಿತ್ತು. ತೂಕ ಕಡಿಮೆ ಬರೆದರು, ಸಾಲು ಅನ್ಯಾಯ, ಅದು ಇದು. ಇನ್ನೊಂದು ಗುಂಪಿನಿಂದ ವರ್ಷಕ್ಕೆ ಒಂದೋ ಎರಡೋ.

ಹೊರಗಿನವರು ಬಂದು ಇಬ್ಬರಲ್ಲಿ ನಾಯಕ ಯಾರು ಅಂತ ಕೇಳಿದರೆ ಎಲ್ಲರೂ ಕೂಗುವವರನ್ನೇ ತೋರಿಸುತ್ತಿದ್ದರು.

ಕೂಗುವ ಮೇಸ್ತ್ರಿಯನ್ನು ಒಂದು ಸಲ ತರಬೇತಿಗೆ ಕಳಿಸಿದರು. ಜನರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ. ವಾಪಸ್ ಬಂದವರು ಒಂದು ವಾರ ‘ಏನಮ್ಮಾ ಚೆನ್ನಾಗಿದ್ದೀಯಾ’ ಅಂತ ಎಲ್ಲರನ್ನೂ ಮಾತಾಡಿಸಿದರು. ಹೆಂಗಸರು ನಕ್ಕು ನಕ್ಕು ಸುಸ್ತಾದರು. ಆದರೆ ದಿನಾ ಸಂಜೆ ಮಾಲೀಕರ ಫೋನ್ ಬರುತ್ತಿತ್ತು. ಒಂದೇ ಪ್ರಶ್ನೆ: ‘ಎಷ್ಟು ಕೆಜಿ ಆಯಿತು?’ ಎರಡನೇ ವಾರಕ್ಕೆ ಮೇಸ್ತ್ರಿ ಮತ್ತೆ ಮೊದಲಿನ ಹಾಗೇ.

ಪಾಠದ ಮೇಡಂ

ರೈಟರ್ ಸರ್, ಇದನ್ನು ಓದಿ ಎದ್ದು ಕೂತೆ. ನೀವು ಹೇಳಿದ್ದು ವರ್ತನಾ ಸಿದ್ಧಾಂತದ ಒಂದು ಮುಖ್ಯ ಅಧ್ಯಯನದ ಕಥೆಯೇ.

ಒಹಾಯೊ ಸ್ಟೇಟ್ ಎಂಬ ವಿಶ್ವವಿದ್ಯಾಲಯದವರು ನಾಯಕ ಎಂಥವನು ಎಂದು ಕೇಳುವುದನ್ನು ಬಿಟ್ಟು, ನಾಯಕ ದಿನಾ ಏನು ಮಾಡುತ್ತಾನೆ ಎಂದು ಅವನ ಕೈಕೆಳಗಿನವರನ್ನೇ ಕೇಳಿದರು. ಉತ್ತರಗಳನ್ನು ಜರಡಿ ಹಿಡಿದಾಗ ಮುಖ್ಯವಾಗಿ ಎರಡು ಗುಂಪು ಉಳಿದವು. ಒಂದು, ಯಾರು ಏನು, ಯಾವಾಗ, ಹೇಗೆ ಮಾಡಬೇಕು ಎಂದು ಕೆಲಸವನ್ನು ಕಟ್ಟುವುದು. ನಿಮ್ಮ ಮೇಸ್ತ್ರಿ ಸಾಲು ಹಂಚಿದ್ದು ಅದು. ಇನ್ನೊಂದು, ಜನರ ಮಾತು ಕೇಳುವುದು, ಗೌರವ, ನಂಬಿಕೆ. ಜ್ವರ ಬಂದ ಮಗುವಿನ ತಾಯಿಯನ್ನು ಕಳಿಸಿದ್ದು ಇದು. ಪುಸ್ತಕದಲ್ಲಿ ಇವನ್ನು ಇನಿಶಿಯೇಟಿಂಗ್ ಸ್ಟ್ರಕ್ಚರ್, ಕನ್ಸಿಡರೇಶನ್ ಅನ್ನುತ್ತಾರೆ. ಇವೆರಡು ತಕ್ಕಡಿಯ ಎರಡು ತಟ್ಟೆ ಅಲ್ಲ. ಒಂದು ಏರಿದರೆ ಇನ್ನೊಂದು ಇಳಿಯಬೇಕಿಲ್ಲ. ಒಬ್ಬರಲ್ಲೇ ಎರಡೂ ಜಾಸ್ತಿ ಇರಬಹುದು, ನಿಮ್ಮ ಸಣ್ಣ ಮೇಸ್ತ್ರಿಯಂತೆ. ಎರಡೂ ಕಡಿಮೆಯೂ ಇರಬಹುದು.

ಈಗ ಕಥೆಗೆ ಬರುತ್ತೇನೆ. ಆ ಗುಂಪಿನ ಫ್ಲೈಶ್‌ಮನ್ ಎಂಬುವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂಬ ದೊಡ್ಡ ಕಂಪನಿಯ ಫೋರ್‌ಮನ್‌ಗಳನ್ನು ಅಧ್ಯಯನ ಮಾಡಿದರು. ಟ್ರ್ಯಾಕ್ಟರ್, ಟ್ರಕ್ ಮಾಡುವ ಕಂಪನಿ ಅದು. ಫೋರ್‌ಮನ್ ಎಂದರೆ ಅಲ್ಲಿಯ ಮೇಸ್ತ್ರಿ. ಅವರನ್ನು ಕಂಪನಿಯ ಶಾಲೆಗೆ ಎರಡು ವಾರ ಕಳಿಸುತ್ತಿದ್ದರು. ತರಬೇತಿ ಮುಗಿದ ದಿನ ಕೇಳಿದರೆ ಜನರ ಬಗ್ಗೆ ಕಾಳಜಿ ಏರಿತ್ತು, ಬಿಗಿ ಮಾಡಬೇಕು ಎಂಬ ಧೋರಣೆ ಇಳಿದಿತ್ತು. ಭಲೇ, ನಾಯಕರು ತಯಾರಾದರು! ಆದರೆ ಫ್ಲೈಶ್‌ಮನ್ ಅಲ್ಲಿಗೆ ನಿಲ್ಲಿಸಲಿಲ್ಲ. ತರಬೇತಿ ಆಗಿ ತಿಂಗಳುಗಳೇ ಕಳೆದವರನ್ನು, ತರಬೇತಿಗೆ ಹೋಗದವರನ್ನು ಕಾರ್ಖಾನೆಯಲ್ಲೇ ಹೋಲಿಸಿದರು. ತರಬೇತಿಯ ಗುರುತು ಸುಮಾರಾಗಿ ಅಳಿಸಿಹೋಗಿತ್ತು. ಕೆಲವು ಕಡೆ ತರಬೇತಿ ಆದವರೇ ಇನ್ನೂ ಬಿಗಿ. ಹಾಗಾದರೆ ಯಾವ ಫೋರ್‌ಮನ್ ಜನರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದ? ಯಾರ ಮೇಲಿನ ಸಾಹೇಬರು ಅವನನ್ನು ಹಾಗೆ ನೋಡಿಕೊಳ್ಳುತ್ತಿದ್ದರೋ ಅವನು. ಇದು 1953ರಲ್ಲಿ ಪ್ರಕಟವಾಯಿತು.

ಹುಡುಗೀ, ಇದೇ ನಿನ್ನ ಪ್ರಬಂಧದ ನಡು. ‘ವರ್ತನಾ ಸಿದ್ಧಾಂತದ ಪ್ರಕಾರ ಕಲಿಯಬಹುದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆಯಲ್ಲ, ಅದಕ್ಕೇ ಕೆಂಪು ಪೆನ್ನು ಬಿದ್ದದ್ದು. ಕಲಿತದ್ದು ನಿಜ. ಉಳಿಯಲಿಲ್ಲ, ಅದೂ ನಿಜ.

ತೋಟದ ಮನೆ

ಮಾಲೀಕರು ಅಂದರೆ ಎಲ್ಲರಿಗೂ ಬೈಯಲು ಸಿಗುತ್ತಾರೆ. ಕೆಜಿ ಕೇಳದೆ ನಾನು ಮತ್ತೇನು ಕೇಳಲಿ? ಹಣ್ಣು ಗಿಡದಲ್ಲೇ ಒಣಗಿದರೆ ಬ್ಯಾಂಕಿನವರು ಕನ್ಸಿಡರೇಶನ್ ತೋರಿಸುತ್ತಾರಾ? ಈಗ ಕೊಯ್ಲಿಗೆ ಜನ ಸಿಗುವುದೇ ಕಷ್ಟ. ಬಂದವರು ಕೊಂಬೆ ಮುರಿದು, ಹಸಿರು ಕಾಯಿ, ಹಣ್ಣು ಎಲ್ಲಾ ಒಟ್ಟಿಗೆ ಉಜ್ಜಿ ಹೋಗುತ್ತಾರೆ. ಹಾಗೆ ಮಾಡುವ ಗುಂಪು ಸಿಕ್ಕಿದರೆ ಯಾವ ಮೇಸ್ತ್ರಿಯಾದರೂ ಕೂಗುತ್ತಾನೆ. ಒಳ್ಳೆ ಗುಂಪು ಸಿಕ್ಕಿದವನು ಒಳ್ಳೆಯವನಾಗುತ್ತಾನೆ. ರೈಟರೇ, ಆ ಸಣ್ಣ ಮೇಸ್ತ್ರಿಗೆ ಯಾವ ಗುಂಪು ಕೊಟ್ಟಿದ್ದರು ಅಂತ ಹೇಳಲಿಲ್ಲವಲ್ಲ?

ರೈಟರ್, ಸಿದ್ದಾಪುರ

ಅಣ್ಣ, ನಿಜ ಹೇಳಬೇಕು. ಅವರ ಗುಂಪಿನಲ್ಲಿ ಜಾಸ್ತಿ ಲೈನ್ ಮನೆಯ ಹಳಬರೇ ಇದ್ದರು. ಕೂಗುವವರ ಗುಂಪಿಗೆ ಪ್ರತಿ ವರ್ಷ ಹೊಸಬರು.

ತೋಟದ ಮನೆ

ನೋಡಿದಿರಾ!

ಗೋಣಿಕೊಪ್ಪ ಗೂಗ್ಲಿ

ಮೇಡಂ ಔಟ್. ಅಂಪೈರ್ ಬೆರಳು ಎತ್ತಿದ್ದಾರೆ.

ಪಾಠದ ಮೇಡಂ

ಔಟ್ ಇರಬಹುದು! ವರ್ತನಾ ಸಿದ್ಧಾಂತದ ದೊಡ್ಡ ತೂತಿಗೇ ತೋಟದ ಮನೆಯವರು ಬೆರಳು ಇಟ್ಟಿದ್ದಾರೆ. ನಾಯಕನ ವರ್ತನೆಯಿಂದ ಕೆಲಸ ಚೆನ್ನಾಗಿ ಆಯಿತಾ, ಅಥವಾ ಕೆಲಸ ಚೆನ್ನಾಗಿ ಆಗುತ್ತಿದ್ದುದರಿಂದ ನಾಯಕ ಒಳ್ಳೆಯವನಾಗಿ ನಡೆದುಕೊಂಡನಾ? ಪ್ರಶ್ನಾವಳಿ ಹಂಚಿ ಸಂಬಂಧ ಹುಡುಕಿದರೆ ಇದು ಗೊತ್ತಾಗುವುದಿಲ್ಲ. 1968ರಲ್ಲಿ ಲೋವಿನ್ ಮತ್ತು ಕ್ರೇಗ್ ಎಂಬುವರು ಇದನ್ನು ತಿರುಗಿಸಿ ಪರೀಕ್ಷೆ ಮಾಡಿದರು. ಮೇಲ್ವಿಚಾರಣೆಗೆ ಕೂರಿಸಿದವರ ಕೈಕೆಳಗೆ ಒಬ್ಬ ನೌಕರನನ್ನು ಕೊಟ್ಟರು. ಆ ನೌಕರ ಇವರೇ ಹೇಳಿಕೊಟ್ಟು ಕಳಿಸಿದವನು. ಕೆಲವರ ಮುಂದೆ ಚುರುಕಾಗಿ ಕೆಲಸ ಮಾಡಿದ, ಕೆಲವರ ಮುಂದೆ ಬೇಕೆಂದೇ ಕೆಟ್ಟದಾಗಿ ಮಾಡಿದ. ಕೆಟ್ಟ ಕೆಲಸ ಕಂಡವರು ಬೆನ್ನ ಹಿಂದೆಯೇ ನಿಂತು ಬಿಗಿ ಮಾಡಿದರು, ಕಾಳಜಿ ಇಳಿಯಿತು. ಅಂದರೆ ಗುಂಪು ಕೂಡ ಮೇಸ್ತ್ರಿಯನ್ನು ತಯಾರು ಮಾಡುತ್ತದೆ.

ಆದರೆ ತೋಟದ ಮನೆಯವರೇ, ಇದರಿಂದ ನೀವು ಪೂರ್ತಿ ಪಾರಾಗುವುದಿಲ್ಲ. ಫ್ಲೈಶ್‌ಮನ್ ಮತ್ತು ಹ್ಯಾರಿಸ್ 1962ರಲ್ಲಿ ಟ್ರಕ್ ಕಾರ್ಖಾನೆಯ 57 ಫೋರ್‌ಮನ್‌ಗಳ ಗುಂಪುಗಳಲ್ಲಿ ಎಷ್ಟು ದೂರು ಬಂತು, ಎಷ್ಟು ಜನ ಕೆಲಸ ಬಿಟ್ಟರು ಎಂದು ನೋಡಿದರು. ಬಿಗಿ ಮಾಡಿದಷ್ಟೂ ದೂರು ಏರಿತು. ಆದರೆ ಜನರನ್ನು ಚೆನ್ನಾಗಿ ನೋಡಿಕೊಳ್ಳುವ ಫೋರ್‌ಮನ್ ಬಿಗಿ ಮಾಡಿದರೂ ದೂರು ಅಷ್ಟಾಗಿ ಏರಲಿಲ್ಲ. ಅಂದರೆ ಕೆಜಿ ಕೇಳಬೇಡಿ ಎಂದಲ್ಲ. ಕೆಜಿಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದರೆ, ಕೆಜಿ ಕೇಳುವುದಕ್ಕೆ ಯಾರೂ ಸಿಟ್ಟಾಗುವುದಿಲ್ಲ.

ತೋಟದ ಮನೆ

57 ಜನರ ಲೆಕ್ಕ ಇಟ್ಟುಕೊಂಡು ಕೊಡಗಿನ ತೋಟಕ್ಕೆ ಬರಬೇಡಿ ಮೇಡಂ. ಅಲ್ಲಿ ಯೂನಿಯನ್ ಇತ್ತು, ದೂರು ಬರೆದು ಕೊಡುತ್ತಿದ್ದರು. ಇಲ್ಲಿ ದೂರು ಇದ್ದರೆ ಸೋಮವಾರ ಬರುವುದೇ ಇಲ್ಲ, ಅಷ್ಟೇ.

ರೈಟರ್, ಸಿದ್ದಾಪುರ

ಅಣ್ಣ, ಅದೂ ದೂರೇ ಅಲ್ವಾ? ಅವರು ಕೆಲಸ ಬಿಟ್ಟವರನ್ನೂ ಎಣಿಸಿದ್ದಾರೆ.

ಹಾಕಿ ಹುಚ್ಚ

ನಮ್ಮ ಕ್ಯಾಪ್ಟನ್ ವಿಷಯಕ್ಕೆ ಬರುತ್ತೇನೆ. ಅವನೂ ಸೋತ ಮೇಲೆ ಜಾಸ್ತಿ ಕೂಗುತ್ತಾನೆ. ಕೂಗಿದ್ದಕ್ಕೆ ಸೋತೆವಾ, ಸೋತದ್ದಕ್ಕೆ ಕೂಗಿದನಾ ಅಂತ ಇವತ್ತಿನವರೆಗೂ ಯೋಚಿಸಿರಲಿಲ್ಲ.

ಸೋಮವಾರಪೇಟೆ ಅಕ್ಕ

ನನ್ನದೂ ಒಂದು ಹೇಳಿಬಿಡುತ್ತೇನೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಾವು ಒಂದು ಶಾಲೆಯಲ್ಲಿ ಎಂಟು ದಿನ ಇದ್ದೆವು. ಮೊದಲ ರಾತ್ರಿ ಎಲ್ಲರನ್ನೂ ಎಬ್ಬಿಸಿ ಕರೆದುಕೊಂಡು ಬಂದವನು ಜೀಪ್ ಓಡಿಸುವ ಹುಡುಗ. ಅವನಿಗೆ ಹೆದರಿಕೆ ಅನ್ನುವುದೇ ಇರಲಿಲ್ಲ. ಆದರೆ ಮೂರನೇ ದಿನಕ್ಕೆ ಅಕ್ಕಿ, ಬಟ್ಟೆ, ಔಷಧಿ ಹಂಚುವಾಗ ಜಗಳ ಶುರುವಾಯಿತು. ಆಗ ಅವನ ಕೈಯಲ್ಲಿ ಆಗಲಿಲ್ಲ, ಎಲ್ಲರ ಮೇಲೂ ರೇಗಿದ. ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಹೆಂಗಸು ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಗೆ ಇಷ್ಟು ಅಂತ ಬರೆದು ಹಂಚಿದಳು. ಜಗಳ ನಿಂತಿತು. ಸಂಘದಲ್ಲಿ ಹತ್ತು ವರ್ಷ ಸಾಲದ ಲೆಕ್ಕ ಬರೆದು ಅವಳಿಗೆ ಅಭ್ಯಾಸ. ಹುಟ್ಟಾ, ತಯಾರಿಯಾ, ನೀವೇ ಹೇಳಿ.

ನಿವೃತ್ತ ಸುಬೇದಾರ್

ಜೀಪಿನ ಹುಡುಗ ಹುಟ್ಟು. ಆ ತಾಯಿ ತಯಾರಿ. ಆದರೆ ಮೊದಲ ರಾತ್ರಿ ಜೀಪಿನ ಹುಡುಗ ಇಲ್ಲದಿದ್ದರೆ ಮೂರನೇ ದಿನ ಯಾರಿಗೆ ಹಂಚುವುದು?

ಪಾಠದ ಮೇಡಂ

ಹುಡುಗನೂ ಹತ್ತು ವರ್ಷ ಆ ಗುಡ್ಡದ ದಾರಿಯಲ್ಲಿ ಜೀಪ್ ಓಡಿಸಿದವನೇ ಸರ್. ಅವನ ಧೈರ್ಯದಲ್ಲಿ ಅಭ್ಯಾಸದ ಪಾಲು ಎಷ್ಟು ಅಂತ ಯಾರು ಹೇಳಬೇಕು?

ನಿವೃತ್ತ ಸುಬೇದಾರ್

ನಾನು ಹೇಳುತ್ತೇನೆ. ಕಡಿಮೆ.

ಮಂಜಿನ ಹುಡುಗಿ, ಮಡಿಕೇರಿ

ಕರೆಂಟ್ ಬಂತು! ಎಲ್ಲರದ್ದೂ ಓದಿ ಶುರುವಿನ ಪ್ಯಾರಾ ಮತ್ತೆ ಬರೆದೆ. ನೋಡಿ:

‘ನಾಯಕರು ಹುಟ್ಟುತ್ತಾರೆಯೇ ಎಂಬ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಗುಂಪು ಯಾರನ್ನು ನಾಯಕನೆಂದು ಗುರುತಿಸುತ್ತದೆ ಎನ್ನುವುದು ಮೊದಲನೆಯದು. ಇದಕ್ಕೆ ಗುಣಲಕ್ಷಣ ಸಿದ್ಧಾಂತ ಸ್ವಲ್ಪ ಮಟ್ಟಿಗೆ ಉತ್ತರ ಕೊಡುತ್ತದೆ. ಆ ವ್ಯಕ್ತಿ ಕೆಲಸವನ್ನು ಹೇಗೆ ನಡೆಸುತ್ತಾನೆ ಎನ್ನುವುದು ಎರಡನೆಯದು. ಇದಕ್ಕೆ ವರ್ತನಾ ಸಿದ್ಧಾಂತ ಹೆಚ್ಚು ಉಪಯೋಗ. ಆದರೆ ಕಲಿತ ವರ್ತನೆ ಉಳಿಯಬೇಕಾದರೆ ಮೇಲಿನವರೂ ಹಾಗೆ ನಡೆದುಕೊಳ್ಳಬೇಕು ಎಂದು ಫ್ಲೈಶ್‌ಮನ್ ಅಧ್ಯಯನ ಸಾಬೀತು ಮಾಡಿದೆ. ಆದ್ದರಿಂದ ನಾಯಕರು ತಯಾರಾಗುತ್ತಾರೆ, ಆದರೆ ಒಬ್ಬರೇ ತಯಾರಾಗುವುದಿಲ್ಲ.’

ಪಾಠದ ಮೇಡಂ

ಈಗ ಇದು ಪ್ರಬಂಧ. ‘ಸಾಬೀತು ಮಾಡಿದೆ’ ತೆಗೆದು ‘ತೋರಿಸುತ್ತದೆ’ ಹಾಕು. ಒಂದು ಕಂಪನಿ, ಒಂದು ಕಾಲ, ಅದರಿಂದ ಸಾಬೀತು ಆಗುವುದಿಲ್ಲ. ಫ್ಲೈಶ್‌ಮನ್ ಪ್ಯಾರಾ ಆದ ಕೂಡಲೇ ತೋಟದ ಮನೆಯವರ ಆಕ್ಷೇಪ ಹಾಕು, ಲೋವಿನ್ ಮತ್ತು ಕ್ರೇಗ್ ಹೆಸರಿನ ಜೊತೆ. ನಿನ್ನ ವಾದಕ್ಕೆ ವಿರುದ್ಧವಾದದ್ದನ್ನು ನೀನೇ ತಂದು ಉತ್ತರ ಕೊಡಲು ನೋಡಿದರೆ ಸರ್‌ಗೆ ಖುಷಿಯಾಗುತ್ತದೆ. ಪೂರ್ತಿ ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದು ಬರೆ. ಲೆವಿನ್, ಬ್ಲೇಕ್-ಮೌಟನ್ ಗ್ರಿಡ್ ಎಲ್ಲಾ ತುಂಬಿಸಲು ಹೋಗಬೇಡ, ಜಾಗ ಸಾಲುವುದಿಲ್ಲ.

ಗೋಣಿಕೊಪ್ಪ ಗೂಗ್ಲಿ

ನಾನು ಎಂಬಿಎಯಲ್ಲಿ ಅದನ್ನೆಲ್ಲಾ ತುಂಬಿಸಿದ್ದೆ. ಅದಕ್ಕೇ ಬರೀ ಪಾಸಾದೆ ಅಂತ ಈಗ ಗೊತ್ತಾಯಿತು.

ಮಂಜಿನ ಹುಡುಗಿ, ಮಡಿಕೇರಿ

ಥ್ಯಾಂಕ್ಸ್ ಮೇಡಂ. ಕಾರ್ಯಪ್ಪನವರ ಉದಾಹರಣೆ ಇಟ್ಟುಕೊಳ್ಳಲಾ? ಬಾಗಿಲಿನ ಮಾತೂ ಹಾಕುತ್ತೇನೆ, ಸುಬೇದಾರ್ ಅಜ್ಜನ ಪ್ರಶ್ನೆಯನ್ನೂ ಹಾಕುತ್ತೇನೆ. ರೈಟರ್ ಅಂಕಲ್, ನಿಮ್ಮ ಮೇಸ್ತ್ರಿಯವರ ಕಥೆಯನ್ನೂ ಬರೆಯಬಹುದಾ? ತೋಟದ ಹೆಸರು ಹಾಕುವುದಿಲ್ಲ.

ರೈಟರ್, ಸಿದ್ದಾಪುರ

ಬರಿ ಮಗಳೇ. ಒಂದು ಮಾತು ಹೇಳಲು ಮರೆತೆ. ಆ ಸಣ್ಣ ಮೇಸ್ತ್ರಿ ಹೋದ ವರ್ಷ ಕೆಲಸ ಬಿಟ್ಟರು, ಮಂಡಿ ನೋವು. ಅವರ ಜಾಗಕ್ಕೆ ಅವರ ಗುಂಪಿನ ಹೆಂಗಸೊಬ್ಬರನ್ನೇ ಹಾಕಿದೆವು. ಅವರೂ ಸಾಲು ಹಂಚುವುದು ಹಾಗೆಯೇ, ಚೀಲಕ್ಕೆ ಕೈ ಹಾಕುವುದೂ ಹಾಗೆಯೇ.

ತೋಟದ ಮನೆ

ಗುಂಪು ಅದೇನಾ, ಬದಲಾಯಿತಾ?

ರೈಟರ್, ಸಿದ್ದಾಪುರ

ಅರ್ಧ ಹಳಬರು, ಅರ್ಧ ಹೊಸಬರು ಅಣ್ಣ. ಜನವರಿಯಲ್ಲಿ ಕೊಯ್ಲು ಶುರುವಾದಾಗ ದೂರು ಎಣಿಸಿ ಹೇಳುತ್ತೇನೆ.

ನಿವೃತ್ತ ಸುಬೇದಾರ್

ಆ ಹೆಂಗಸಿನ ಅಪ್ಪ ಏನು ಕೆಲಸ ಮಾಡುತ್ತಿದ್ದರು ಅಂತಲೂ ಕೇಳಿ ಹೇಳಿ.